ಬಸಣ್ಣನವರ ಮನೆಯವರಿಗೆ ಕಾರ್ಖಾನೆಯ ಆಡಳಿತದಿಂದ

ಉದ್ಯಮಬಾಗ, ಬೆಳಗಾವಿ
12 ಜೂನ್ 2025

ಶಾಂತವ್ವ ಅವರಿಗೆ, ಬಸಣ್ಣನವರ ತಾಯಿಯವರಿಗೆ ಮತ್ತು ಮಕ್ಕಳಿಗೆ,

ರವಿವಾರ ನಸುಕಿನಲ್ಲಿ ಬಸಣ್ಣನವರು ಹೃದಯಾಘಾತದಿಂದ ತೀರಿಕೊಂಡರು ಎಂದು ಕೇಳಿದಾಗ ನಮ್ಮಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಶನಿವಾರ ಸಂಜೆ ಪಾಳಿ ಮುಗಿಸಿ ಎಲ್ಲರ ಜೊತೆ ಮಾತಾಡಿಕೊಂಡೇ ಹೋಗಿದ್ದರು. ನಿಮ್ಮ ದುಃಖ ನಮ್ಮದೂ ಹೌದು.

2003ರಲ್ಲಿ ಅವರು ಹೆಲ್ಪರ್ ಆಗಿ ಸೇರಿದರು. ಕೆಲಸ ನೋಡಿ ನೋಡಿಯೇ ಕಲಿತು ಮೌಲ್ಡಿಂಗ್ ವಿಭಾಗದ ಹಿರಿಯರಾದರು. ಮರಳಿನ ತೇವ ಅಳೆಯಲು ನಮ್ಮಲ್ಲಿ ಉಪಕರಣ ಇದೆ. ಆದರೂ ಬಸಣ್ಣ ಒಂದು ಹಿಡಿ ಮರಳು ತಗೊಂಡು, ಮುಷ್ಟಿಯಲ್ಲಿ ಹಿಚುಕಿ, ಮುರಿದು ನೋಡಿ ಹೂಂ ಅನ್ನುವ ತನಕ ಹುಡುಗರು ಅಚ್ಚು ಹಾಕುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಒಂದು ದೊಡ್ಡ ಆರ್ಡರ್ ಅವಸರದಲ್ಲಿತ್ತು. ಮರಳು ಒದ್ದೆ ಇದೆ, ಕಾದ ಲೋಹ ಬಿದ್ದರೆ ಆವಿ ಸಿಡಿದು ಹುಡುಗರ ಮೈಮೇಲೆ ಬರುತ್ತದೆ ಎಂದು ಅವರು ಎರಕವನ್ನೇ ನಿಲ್ಲಿಸಿದರು. ಮಾಲು ಒಂದು ದಿನ ತಡವಾಯಿತು. ಯಾರಿಗೂ ಒಂದು ಸುಟ್ಟ ಗಾಯ ಆಗಲಿಲ್ಲ. ಮೇಲಿನವರ ಮುಂದೆ ಹೀಗೆ ಗಟ್ಟಿಯಾಗಿ ನಿಂತು ಹೇಳುವವರು ಎಲ್ಲ ಕಡೆ ಸಿಗುವುದಿಲ್ಲ. ಇದನ್ನು ಮಕ್ಕಳು ತಿಳಿದಿರಬೇಕು, ಅದಕ್ಕೇ ಬರೆಯುತ್ತಿದ್ದೇವೆ. ಈಗ ನಮ್ಮಲ್ಲಿ ಅಚ್ಚು ಹಾಕುವ ಹುಡುಗರಲ್ಲಿ ಜಾಸ್ತಿ ಜನ ಅವರ ಕೈಯಲ್ಲೇ ಪಳಗಿದವರು.

ಖಂಡೆ ಪೂಜೆಯ ದಿನ ಫರ್ನೇಸಿಗೆ ಕಾಯಿ ಒಡೆಯುವುದು ಅವರ ಪಾಲಿನ ಕೆಲಸವಾಗಿತ್ತು. ಮಗಳು ಡಿಪ್ಲೊಮಾಕ್ಕೆ ಸೇರಿದಾಗ ಇಡೀ ವಿಭಾಗಕ್ಕೆ ಕುಂದಾ ಹಂಚಿದ್ದರು. ಅವಳ ಓದು ನಿಲ್ಲಬಾರದು. ಉಳಿದ ವರ್ಷಗಳ ಫೀ ಕಾರ್ಖಾನೆ ಕಟ್ಟುತ್ತದೆ.

ಈ ಹೊತ್ತಿನಲ್ಲಿ ಹಣದ ಮಾತು ಬೇಡ ಅನಿಸಬಹುದು. ಆದರೆ ನಿಮಗೆ ಬರಬೇಕಾದ್ದು ತಡವಾಗಬಾರದು, ಅಲ್ವಾ? ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಯಿಟಿಯನ್ನು 30 ದಿನದೊಳಗೆ ಕೊಡುತ್ತೇವೆ. ಪಿ.ಎಫ್. ಹಣ ಮತ್ತು ಅದರ ಜೊತೆಗಿನ ವಿಮೆ ಬೇರೆ ಬರುತ್ತವೆ. ಶಾಂತವ್ವ ಅವರಿಗೆ ತಿಂಗಳ ಪಿಂಚಣಿ ಇದೆ. ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ಪಿಂಚಣಿ ಸಿಗುತ್ತದೆ. ಮನೆ ರಿಪೇರಿಗೆ ಅವರು ತೆಗೆದುಕೊಂಡಿದ್ದ ಮುಂಗಡವನ್ನು ಮನ್ನಾ ಮಾಡಿದ್ದೇವೆ. ಅದನ್ನು ಯಾವುದರಲ್ಲೂ ಮುರಿದುಕೊಳ್ಳುವುದಿಲ್ಲ.

ಇದಕ್ಕಾಗಿ ನೀವು ಯಾವ ಆಫೀಸಿಗೂ ಅಲೆಯಬೇಕಾಗಿಲ್ಲ. ದಿನಕರ್ಮಗಳು ಮುಗಿದ ಮೇಲೆ ನೀವು ಹೇಳಿದ ದಿನ ನಮ್ಮ ಸಿಬ್ಬಂದಿ ವಿಭಾಗದವರು ಮಚ್ಛೆಯ ನಿಮ್ಮ ಮನೆಗೇ ಬಂದು ಅರ್ಜಿ ತುಂಬಿಸುತ್ತಾರೆ. ಮರಣ ಪ್ರಮಾಣಪತ್ರ, ಎಲ್ಲರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡಿದ್ದರೆ ಸಾಕು. ಅವರ ಲಾಕರಿನಲ್ಲಿದ್ದ ಸಾಮಾನುಗಳನ್ನು ಅವರ ಜೊತೆಗಾರರು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಅಂದೇ ತಂದು ನಿಮ್ಮ ಕೈಗೆ ಕೊಡುತ್ತಾರೆ.

ನಿಮ್ಮ ದುಃಖದಲ್ಲಿ ಭಾಗಿಗಳು,
ಕಾರ್ಖಾನೆಯ ವ್ಯವಸ್ಥಾಪಕರು ಮತ್ತು ಆಡಳಿತ ಮಂಡಳಿ