ಸೀರೆ ಪಾರ್ಸಲ್ ತಡವಾಗಿದ್ದಕ್ಕೆ ಕ್ಷಮೆ ಇರಲಿ

ಅಕ್ಕಾವ್ರಿಗೆ ನಮಸ್ಕಾರ.

8ನೇ ತಾರೀಖಿಗೆ ಬೆಳಗಾವಿ ಮುಟ್ಟಬೇಕಿದ್ದ ಸೀರೆಗಳು ಇನ್ನೂ ನಿಮ್ಮ ಕೈ ಸೇರಿಲ್ಲ. ಮದುವೆ ನೋಡಿದರೆ 13ಕ್ಕೆ. ಬೀಗರ ಉಡುಗೊರೆ ಜೋಡಿಸುವ ಗಡಿಬಿಡಿಯಲ್ಲಿ ನಿಮಗೆ ಇದೊಂದು ಚಿಂತೆ ಹತ್ತಿಕೊಂಡಿತಲ್ಲ, ಮನಸ್ಸಿಗೆ ತುಂಬಾ ಬೇಜಾರಾಗಿದೆ. ದಯವಿಟ್ಟು ಕ್ಷಮಿಸಿ.

ರಾತ್ರಿ ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಕೊನೆಗೆ 4176 ಇರುವ ನಂಬರ್ ನಮ್ಮದೇ ಪಾರ್ಸಲ್. 6ರ ಸಂಜೆ 5:40ಕ್ಕೆ ಇಳಕಲ್‌ನಲ್ಲಿ ಬುಕ್ ಆಗಿ, 7ರ ಬೆಳಗಿನ ಜಾವ 3:10ಕ್ಕೆ ಹುಬ್ಬಳ್ಳಿ ಗೋದಾಮು ಮುಟ್ಟಿದೆ. ಅಲ್ಲಿ ಬೆಳಗಾವಿ ಗಾಡಿಗೆ ಹಾಕುವ ಬದಲು ಬೆಂಗಳೂರು ಗಾಡಿಗೆ ಹಾಕಿದ್ದಾರೆ. 8ರ ಬೆಳಿಗ್ಗೆ 6:25ರ ಸಾಲಿನಲ್ಲಿ Bengaluru Hub – Misrouted ಅಂತ ಇರುವುದು ಅದಕ್ಕೇ. ಎಲ್ಲಕ್ಕಿಂತ ಮೇಲಿನ ಸಾಲು In Transit, ನಿನ್ನೆ ರಾತ್ರಿ 9:05. ಅಂದರೆ ವಾಪಸ್ ಹುಬ್ಬಳ್ಳಿಗೆ ಹೊರಟಿದೆ. ದಪ್ಪ ಅಕ್ಷರದಲ್ಲಿ Expected Delivery 8 Nov ಅಂತ ಹಾಗೇ ನಿಂತಿದೆ ಅಲ್ವಾ, ಅದನ್ನು ನಂಬಬೇಡಿ. ದಾರಿ ತಪ್ಪಿದ ಮೇಲೂ ಅದನ್ನು ಅವರು ಬದಲಿಸಿಲ್ಲ.

ಒಂದು ಸಮಾಧಾನ ಇದೆ. ಇಳಕಲ್‌ನಲ್ಲೂ ಬೆಂಗಳೂರಲ್ಲೂ ತೂಕ 7.2 ಕೆ.ಜಿ. ಅಂತಲೇ ತೋರಿಸುತ್ತಿದೆ. 12 ಸೀರೆ, 12 ಗುಳೇದಗುಡ್ಡ ಖಣ, ಗಂಟು ಕಟ್ಟಿದ ಹಾಗೇ ಇರಬೇಕು.

ಉಡುಗೊರೆಯ 10 ಸೀರೆಗಳಾದರೆ ಅಂಗಡಿಯಲ್ಲಿದ್ದ ಬೇರೆಯವನ್ನೇ ಕಳಿಸಿಬಿಡುತ್ತಿದ್ದೆ. ಮದುಮಗಳ ಎರಡು ಸೀರೆಗೆ ಹಾಗೆ ಮಾಡಲು ಬರುವುದಿಲ್ಲ. ನೀವು ಆರಿಸಿದ ಬಣ್ಣ, ಗೋಮಿ ದಡಿ. ಟೋಪ್ ತೆನಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ನೇಯ್ದಿದ್ದು. ಎರಡು ದಿನದಲ್ಲಿ ಇನ್ನೊಂದು ಜೋಡಿ ಮಗ್ಗದಿಂದ ಇಳಿಯುವುದಿಲ್ಲ. ಅದಕ್ಕೇ ಆ ಪಾರ್ಸಲನ್ನೇ ಹಿಡಿದು ನಿಮಗೆ ಮುಟ್ಟಿಸುವುದು ಅಂತ ಮಾಡಿದ್ದೇನೆ.

ಬೆಳಿಗ್ಗೆ ಕೊರಿಯರ್‌ನವರ ಜೊತೆ ಮಾತಾಡಿದೆ. ಬುಕಿಂಗ್ ರಸೀದಿ, ನನ್ನ ಸಹಿ ಇರುವ ಪತ್ರ ತಂದರೆ ಹುಬ್ಬಳ್ಳಿ ಗೋದಾಮಿನಲ್ಲೇ ಕೊಡುತ್ತೇವೆ ಅಂದಿದ್ದಾರೆ. ನಮ್ಮ ಹುಡುಗ ಎರಡನ್ನೂ ಹಿಡಿದುಕೊಂಡು ಈಗಾಗಲೇ ಬಸ್ ಹತ್ತಿದ್ದಾನೆ. ಪಾರ್ಸಲ್ ಸಿಕ್ಕ ಕೂಡಲೇ ಬೆಳಗಾವಿ ಬಸ್ ಹಿಡಿಯುತ್ತಾನೆ. ಇವತ್ತು ರಾತ್ರಿಯೇ ಟಿಳಕವಾಡಿಯ ನಿಮ್ಮ ಮನೆಗೆ ತಂದುಕೊಡುತ್ತಾನೆ. ಗಾಡಿ ಹುಬ್ಬಳ್ಳಿಗೆ ಬರುವುದು ತಡವಾದರೆ ಅವನು ಅಲ್ಲೇ ಉಳಿಯುತ್ತಾನೆ, ನಾಳೆ ಮಧ್ಯಾಹ್ನದೊಳಗೆ ನಿಮ್ಮಲ್ಲಿರುತ್ತಾನೆ. ಸುಮ್ನೆ ವಾಪಸ್ ಬರಬೇಡ ಅಂತ ಹೇಳಿದ್ದೇನೆ.

ಗಂಟನ್ನು ಅವನ ಎದುರಿಗೇ ಬಿಚ್ಚಿ, ಪ್ರತಿ ಸೀರೆಯ ಸೆರಗು, ದಡಿ ನೋಡಿಕೊಳ್ಳಿ. ಎಲ್ಲಾದರೂ ಕಲೆ, ಎಳೆ ಕಿತ್ತಿದ್ದು ಕಂಡರೆ ಅದನ್ನು ಇಟ್ಟುಕೊಳ್ಳಬೇಡಿ, ಅವನ ಕೈಗೇ ಕೊಡಿ. ಕೊರಿಯರ್‌ನ 480 ರೂಪಾಯಿ ನಿಮ್ಮ ಬಿಲ್‌ನಿಂದ ತೆಗೆದಿದ್ದೇನೆ. ಹುಡುಗ ಬಂದು ಹೋಗುವ ಖರ್ಚೂ ನಮ್ಮದೇ.

ಪಾರ್ಸಲ್ ಅವನ ಕೈ ಸೇರಿದ ಕೂಡಲೇ ಫೋಟೋ ಕಳಿಸುತ್ತೇನೆ. ರಾತ್ರಿ ಹತ್ತು ಗಂಟೆ ಆದರೂ ಮನೆಗೆ ಬರಬಹುದಾ? ಇಲ್ಲಾಂದ್ರೆ ಬೆಳಿಗ್ಗೆ ಎಷ್ಟಕ್ಕೆ ಬರಲಿ ಅಂತ ತಿಳಿಸಿ.

ನಿಮ್ಮ
ಬಸವರಾಜ, ಸೀರೆ ಅಂಗಡಿ, ಇಳಕಲ್