ಆಡಿಟ್ ಪ್ರಶ್ನೆಗಳಿಗೆ ಉತ್ತರ: ಹಾಲು ಸಂಘ, ಕೋಲಾರ ತಾಲೂಕು, 2023-24

ಸರ್, ನಮಸ್ಕಾರ.

ಮಾರ್ಚ್ 31ರ ನಗದು ಶಿಲ್ಕು ₹4,860. ನಗದು ಪುಸ್ತಕ, ಪುಟ 112.

ಪಶು ಆಹಾರದ ₹38,400 ಎರಡು ಸಲ ಬರೆದಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಅವು ಎರಡು ಲೋಡು. ವೋಚರ್ 47 ಫೆಬ್ರವರಿ 9ರದು, ವೋಚರ್ 52 ಫೆಬ್ರವರಿ 26ರದು, ಬಿಲ್ ನಂಬರ್ ಬೇರೆ ಬೇರೆ, ದಾಸ್ತಾನು ಪುಸ್ತಕದಲ್ಲಿ ಎರಡು ದಿನವೂ 32 ಮೂಟೆ ಜಮಾ ಆಗಿದೆ, ಪಾಸ್‌ಬುಕ್ಕಲ್ಲೂ ಎರಡು ಚೆಕ್ ಕಾಣುತ್ತವೆ.

ಜನವರಿ 14ರ ಹಾಲಿನ ಲೆಕ್ಕದಲ್ಲಿ 8 ಲೀಟರ್ ವ್ಯತ್ಯಾಸ ಯಾಕೆ ಅಂತಲೂ ಕೇಳಿದ್ದೀರಿ. ಆ ಸಂಜೆ ಸಂಗ್ರಹ 612 ಲೀಟರ್, ಒಕ್ಕೂಟಕ್ಕೆ ಕಳಿಸಿದ್ದು 604. ಸ್ಥಳೀಯ ಮಾರಾಟದ ಪುಸ್ತಕದಲ್ಲಿ 5 ಲೀಟರ್ ಇದೆ. ಉಳಿದ 3 ಲೀಟರಿಗೆ ನನ್ನ ಹತ್ತಿರ ದಾಖಲೆ ಇಲ್ಲ. ಚೆಲ್ಲಿರಬಹುದು ಅಂತ ಸುಮ್ನೆ ಬರೆಯಲಾರೆ, ಅದು ರೈತರ ಹಾಲು ಅಲ್ವಾ. ಆ ದಿನದ ಟ್ರಕ್ ಶೀಟಿನ ಪ್ರತಿ ಒಕ್ಕೂಟದಿಂದ ಕೇಳಿದ್ದೇನೆ, ಬಂದ ದಿನವೇ ಕಳಿಸುತ್ತೇನೆ.

ಕಾರ್ಯದರ್ಶಿ