ಶನಿವಾರದ ಲೋಡ್ ಲೇಟು, ಮಾಲೂ ಕಮ್ಮಿ, ಬಿಲ್ ಸರಿ ಮಾಡಿಕೊಡಿ

ನಮಸ್ಕಾರ ಅಣ್ಣ,

ಚಿಕ್ಕಮಗಳೂರು ಹೋಟೆಲ್ ಕಿಚನ್‌ನಿಂದ ಬರೀತಿದೀನಿ. ಶನಿವಾರ ಬೆಳಗ್ಗೆ ಫೋನಲ್ಲಿ ಮಾತಾಡಿದ್ವಲ್ಲ, ಆವಾಗ ನಾನೂ ಸ್ವಲ್ಪ ಜೋರಾಗೇ ಮಾತಾಡ್ಬಿಟ್ಟೆ, ಅದಕ್ಕೆ ಬೇಜಾರ್ ಮಾಡ್ಕೋಬೇಡಿ, ಆದ್ರೆ ವಿಷಯ ಬಾಯಿಮಾತಲ್ಲೇ ಹೋಗಬಾರದು ಅಂತ ಮೇಲ್ ಹಾಕ್ತಿದೀನಿ.

ಗುರುವಾರ ಸಂಜೆ ವಾಟ್ಸಾಪಲ್ಲಿ ಆರ್ಡರ್ ಕಳಿಸಿದಾಗ್ಲೇ ಬರೆದಿದ್ದೆ, ಶನಿವಾರ 64 ಜನದ ಗ್ರೂಪ್ ಇದೆ, ಎಂಟು ಗಂಟೆಗೆ ಮುಳ್ಳಯ್ಯನಗಿರಿಗೆ ಹೊರಡ್ತಾರೆ, ತಿಂಡಿ ಪೂರಿ ಸಾಗು, ಮಾಲು ಐದೂವರೆಗೆ ಇಳೀಲೇಬೇಕು ಅಂತ. ನೀವೂ ಆಯ್ತು ಅಂದ್ರಿ. ಲೋಡ್ ಬಂದಿದ್ದು 9.50ಕ್ಕೆ. ಡ್ರೈವರ್ ಕೇಳಿದ್ರೆ ಹಾಸನದಲ್ಲಿ ಲೋಡ್ ಮುಗಿದಿದ್ದೇ ಆರೂವರೆಗೆ, ಆಮೇಲೆ ಬೇಲೂರಲ್ಲಿ ಎರಡು ಕಡೆ ಇಳಿಸಿ ಬಂದೆ ಅಂದ. ಅಂದ್ರೆ ರೋಡಲ್ಲೇನೂ ತೊಂದ್ರೆ ಆಗಿಲ್ಲ, ಹೊರಟಿದ್ದೇ ಲೇಟು, ಅದು ನಿಮಗೆ ಐದು ಗಂಟೆಗೇ ಗೊತ್ತಿತ್ತು. ಒಂದು ಫೋನ್ ಮಾಡಿದ್ರೆ ಸಾಕಿತ್ತಣ್ಣ. ನಮ್ಮ ಭಟ್ರು ನಾಲ್ಕು ಗಂಟೆಗೆ ಬಂದು ಹಿಟ್ಟು ಕಲಸಿಟ್ಟು ಕಾಯ್ತಾ ಕೂತಿದ್ರು, ನಾನು ಐದೂಮುಕ್ಕಾಲಿಂದ ನಾಲ್ಕು ಸಲ ಕಾಲ್ ಮಾಡಿದ್ರೂ ನೀವು ಎತ್ತಲಿಲ್ಲ, ಆರೂವರೆಗೆ ಇನ್ನು ಕಾಯೋಕಾಗಲ್ಲ ಅಂತ ಇದ್ದ ರವೇಲಿ ಉಪ್ಪಿಟ್ಟು ಮಾಡಿ ಬಡಿಸಿದ್ವಿ. ಪೂರಿ ಹೇಳಿದ್ದವರಿಗೆ ಉಪ್ಪಿಟ್ಟು ಕೊಟ್ಟು, ಟೇಬಲ್ ಟೇಬಲ್‌ಗೂ ಹೋಗಿ ಸಾರಿ ಕೇಳಿದ್ದು ನಾನು.

ಈಗ ಮಾಲಿನ ವಿಷಯ. ಸೋನಾ ಮಸೂರಿ 25 ಕೆಜಿದು ನಾಲ್ಕು ಮೂಟೆ ಬಿಲ್ ಆಗಿದೆ, ಬಂದಿದ್ದು ಮೂರು. ಆಲೂಗಡ್ಡೆ 40 ಕೆಜಿ ಬಿಲ್ಲು, ತೂಗಿದ್ರೆ 31. ತೆಂಗಿನಕಾಯಿ ನೂರಕ್ಕೆ 82 ಇದಾವೆ. ಪನ್ನೀರು 12 ಕೆಜಿಗೆ 8 ಬಂದಿದೆ, ಅದ್ರಲ್ಲೂ ಒಂದೊಂದು ಕೆಜಿದು ಮೂರು ಪ್ಯಾಕೆಟ್ ಉಬ್ಬಿಕೊಂಡು ಹುಳಿ ವಾಸನೆ. ಐಸ್ ಬಾಕ್ಸ್ ಇಲ್ದೆ ಈರುಳ್ಳಿ ಮೂಟೆ ಪಕ್ಕ ಇಟ್ಕೊಂಡು ಮೂರು ಗಂಟೆ ಮೇಲೆ ಓಡಾಡ್ಸಿದ್ರೆ ಇನ್ನೇನಾಗುತ್ತೆ, ಮುಟ್ಟಿದ್ರೆ ಬೆಚ್ಚಗಿತ್ತು. ಆ ಮೂರನ್ನ ನಾನು ಗಿರಾಕಿಗೆ ಹಾಕಲ್ಲ, ಬೇರೆ ಕಟ್ಟಿಟ್ಟಿದೀನಿ, ಡ್ರೈವರ್ ಬಂದಾಗ ನೋಡ್ಲಿ. ಎಣ್ಣೆ, ಬೇಳೆ, ಈರುಳ್ಳಿ ಎಲ್ಲ ಸರಿಯಾಗಿದೆ, ಅದ್ರ ಬಗ್ಗೆ ಮಾತಿಲ್ಲ.

ಚಲನ್‌ಗೆ ಸೈನ್ ಆಗಿದ್ಯಲ್ಲ ಅಂದ್ರಿ. ಆಗಿದೆ, ಆದ್ರೆ ಸ್ಟೋರ್ ಹುಡುಗ ಸೈನ್ ಕೆಳಗೇ ಅಕ್ಕಿ ಒಂದು ಮೂಟೆ, ಆಲೂಗಡ್ಡೆ 9 ಕೆಜಿ ಶಾರ್ಟ್ ಅಂತ ಬರೆದಿದಾನೆ, ನಿಮ್ಮ ಕಾಪೀಲೂ ಇರುತ್ತೆ ನೋಡಿ. ಕಾಯಿ, ಪನ್ನೀರು ಚಲನ್‌ನಲ್ಲಿ ಬರೆದಿಲ್ಲ, ಅದು ನಿಜ, ಗಾಡಿ ಲೇಟಾಯ್ತು ಅಂತ ಡ್ರೈವರ್ ಅವಸರ ಮಾಡಿದ, ಮೂಟೆ ಬಿಚ್ಚಿ ಎಣಿಸಿದ್ದು ಅವನು ಹೋದ್ಮೇಲೆ. ಆದ್ರೆ 10.20ಕ್ಕೇ ಫೋಟೋ ಸಮೇತ ನಿಮಗೆ ಕಳಿಸಿದೀನಿ, ಅರ್ಧ ಗಂಟೇಲಿ 18 ಕಾಯಿ ನಾವೇನ್ ಮಾಡ್ಕೊಳೋಕಾಗುತ್ತೆ. ಇನ್ನು ಆಲೂಗಡ್ಡೆ ದಾರೀಲಿ ಒಣಗಿರುತ್ತೆ ಅಂದ್ರಿ, ಹಾಸನದಿಂದ ಇಲ್ಲಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಅಷ್ಟರಲ್ಲಿ 9 ಕೆಜಿ ಒಣಗಲ್ಲ. ನಮ್ಮ ತಕ್ಕಡಿ ಮೇಲೆ ಅನುಮಾನ ಬೇಡ, ಇಲಾಖೆ ಸೀಲ್ ಇದೆ, ನಿಮ್ಮದೇ ಅಕ್ಕಿ ಮೂಟೆ ಇಟ್ಟು ನೋಡಿದ್ವಿ, ಖಾಲಿ ಚೀಲ ಸೇರಿ 25.1 ತೋರಿಸ್ತು.

ಲೆಕ್ಕ ನಿಮ್ಮ ಬಿಲ್ ರೇಟಲ್ಲೇ ಹಾಕಿದೀನಿ. ಅಕ್ಕಿ 1,450, ಆಲೂಗಡ್ಡೆ 28ರಂತೆ 252, ಕಾಯಿ 32ರಂತೆ 576, ಬರದೇ ಇರೋ ಪನ್ನೀರು 380ರಂತೆ 1,520, ಕೆಟ್ಟಿದ್ದು 1,140, ಒಟ್ಟು 4,938. ಮಧ್ಯಾಹ್ನದ ಊಟಕ್ಕೆ ಪೇಟೇಲಿ ಚಿಲ್ಲರೆ ರೇಟಿಗೆ ತಂದಿದ್ದು ಆಲೂಗಡ್ಡೆ 10 ಕೆಜಿ, ಕಾಯಿ 20, ಪನ್ನೀರು 7 ಕೆಜಿ, ಅದ್ರ ರೇಟ್ ವ್ಯತ್ಯಾಸ 700, ಆಟೋ 150, ಸೇರಿ 850. ಎರಡೂ ಕೂಡಿದ್ರೆ 5,788. ಬಿಲ್ 27,460 ಇದ್ಯಲ್ಲ, ಅದ್ರಲ್ಲಿ ಇದನ್ನ ಕಳೆದು 21,672 ನಾವು ಕೊಡಬೇಕಾದ್ದು. ಬರದ ಮಾಲು, ಕೆಟ್ಟ ಮಾಲಿನದ್ದು 4,938ಕ್ಕೆ ಕ್ರೆಡಿಟ್ ನೋಟ್ ಕಳಿಸಿ, ಉಳಿದ 850 ಒಪ್ಪಿದೀವಿ ಅಂತ ಇದೇ ಮೇಲ್‌ಗೆ ರಿಪ್ಲೈ ಹಾಕಿ. ಬಂದ ದಿನವೇ ದುಡ್ಡು ಹಾಕ್ತೀವಿ, ಹಿಡಿದಿಟ್ಕೊಳೋ ಉದ್ದೇಶ ಇಲ್ಲ. ಉಬ್ಬಿರೋ ಪ್ಯಾಕೆಟ್‌ಗಳು, ಪೇಟೆ ಬಿಲ್‌ಗಳು, ಚಲನ್ ಎಲ್ಲದ್ರ ಫೋಟೋ ಇದ್ರ ಜೊತೆ ಹಾಕಿದೀನಿ.

ಪೂರಿ ತಪ್ಪಿದ್ದಕ್ಕೆ, ಗ್ರೂಪ್‌ನವರ ಮುಂದೆ ಹೋದ ಮರ್ಯಾದೆಗೆ ದುಡ್ಡು ಕೇಳ್ತಿಲ್ಲ. ಅದಕ್ಕೆ ಲೆಕ್ಕ ಹಾಕೋಕೂ ಬರಲ್ಲ.

ಈ ಶುಕ್ರವಾರ ಮತ್ತೆ ಆರ್ಡರ್ ಇದೆ. ಪನ್ನೀರು ಐಸ್ ಬಾಕ್ಸಲ್ಲೇ ಬರ್ಲಿ, ಎಣಿಸಿ ತೂಗಿ ಮುಗಿಯೋವರೆಗೂ ಡ್ರೈವರ್ ನಿಲ್ಲಲಿ, ಗಾಡಿ ಹೊರಡೋದು ಲೇಟಾಗುತ್ತೆ ಅಂದ್ರೆ ರಾತ್ರಿ ಎಷ್ಟೊತ್ತಾದ್ರೂ ಸರಿ ನನಗೊಂದು ಕಾಲ್ ಮಾಡಿ. ಇಷ್ಟಕ್ಕೆ ನೀವು ಹೂಂ ಅಂದ್ರೆ ಬುಧವಾರ ಸಂಜೆ ಲಿಸ್ಟ್ ಕಳಿಸ್ತೀನಿ, ಇಲ್ಲಾಂದ್ರೆ ಅಷ್ಟರೊಳಗೆ ಹೇಳ್ಬಿಡಿ, ಬೇರೆ ಕಡೆ ನೋಡ್ಕೋಬೇಕಾಗುತ್ತೆ.

ಇಂತಿ,
ಕಿಚನ್ ಮ್ಯಾನೇಜರ್
ಚಿಕ್ಕಮಗಳೂರು